ಚೆಂಡು ಯಾರ ಬಳಿ, ಆಟ ಯಾರ ಕೈಯಲ್ಲಿ?

ಧನರಾಜ್ ಪಿಳ್ಳೈ ಹುಟ್ಟಿದ ಖಡಕಿಯಲ್ಲಿ ನೆಲೆಸಿದ ಮೇಲೆ ಹಾಕಿಯ ಗೀಳು ಹತ್ತದೆ ಇರುವುದು ಕಷ್ಟ. ಆದರೆ ಟಿವಿಯ ಮೂಲೆಯಲ್ಲಿ ಮೂಡುವ ‘ಬಾಲ್ ಪೊಸೆಷನ್’ ಎಂಬ ಶೇಕಡಾ ಲೆಕ್ಕಕ್ಕೆ ನಾವು ಹೆಚ್ಚು ಬೆಲೆ ಕೊಡುವುದಿಲ್ಲ. ಚೆಂಡು ಎಷ್ಟು ಹೊತ್ತು ಯಾರ ಬಳಿ ಇತ್ತೆಂಬುದನ್ನು ಅದು ಹೇಳುತ್ತದೆ. ಎಲ್ಲಿ ಇತ್ತೆಂಬುದನ್ನು ಹೇಳುವುದಿಲ್ಲ. ಹಿಂದಿನ ಸಾಲಿನ ಇಬ್ಬರು ಆಟಗಾರರು ತಮ್ಮತಮ್ಮೊಳಗೇ ಚೆಂಡನ್ನು ದಾಟಿಸುತ್ತ ಒಂದು ನಿಮಿಷ ಕಳೆದರೂ ಆ ನಿಮಿಷ ಹಿಡಿತದ ಖಾತೆಗೇ ಜಮೆಯಾಗುತ್ತದೆ. ಎದುರಾಳಿಗಳು ಬೇಕೆಂದೇ ಅವರನ್ನು ಅಲ್ಲಿ ಬಿಟ್ಟಿರಬಹುದು.

ಹಾಕಿಯ ನಿಯಮವೇ ನಮಗೆ ಇದಕ್ಕಿಂತ ಒಳ್ಳೆಯ ಅಳತೆಯೊಂದನ್ನು ಕೊಟ್ಟಿದೆ. ಗೋಲಿನ ಮುಂದಿರುವ ‘ಡಿ’ ಒಳಗೆ ದಾಳಿಕಾರನ ಕೋಲು ಚೆಂಡಿಗೆ ತಾಗದ ಹೊರತು ಗೋಲು ಸಲ್ಲದು. ಆದುದರಿಂದ ನಾವು ಎಣಿಸುವುದು ಎರಡನ್ನೇ: ಡಿ ಒಳಗಿನ ಪ್ರವೇಶ ಮತ್ತು ಅಲ್ಲಿಂದ ಗೋಲಿನತ್ತ ಹೊಡೆತ. ಒಂದು ತಂಡದ ಬಳಿ ಶೇ. 60ರಷ್ಟು ಹೊತ್ತು ಚೆಂಡಿದ್ದು, 12 ಪ್ರವೇಶಗಳಿಂದ 3 ಹೊಡೆತಗಳು ಬಂದವೆಂದುಕೊಳ್ಳೋಣ. ಎದುರಾಳಿಗೆ 14 ಪ್ರವೇಶ, 7 ಹೊಡೆತ. ಮೊದಲ ತಂಡಕ್ಕೆ ಒಂದು ಹೊಡೆತಕ್ಕಾಗಿ ನಾಲ್ಕು ಸಲ ಒಳನುಗ್ಗಬೇಕಾಯಿತು, ಎರಡನೆಯದಕ್ಕೆ ಎರಡೇ ಸಲ ಸಾಕಾಯಿತು. ಪಂದ್ಯ ಯಾರ ಅಂಕೆಯಲ್ಲಿತ್ತೆಂದು ಮತ್ತೆ ಕೇಳಬೇಕಿಲ್ಲ.

ಎಣಿಕೆಯಲ್ಲಿಯೂ ಎಚ್ಚರ ಬೇಕು. ದೂರದಿಂದ ಕುರುಡಾಗಿ ಹೊಡೆದ ಚೆಂಡು ಯಾರಿಗೂ ಸಿಗದೆ ಡಿ ದಾಟಿ ಹೊರಹೋದರೆ ನಾವು ಅದನ್ನು ಪ್ರವೇಶವೆಂದು ಬರೆದುಕೊಳ್ಳುವುದಿಲ್ಲ. ಒಳಗೆ ತನ್ನವನೊಬ್ಬ ಅದನ್ನು ಹಿಡಿತಕ್ಕೆ ತಂದಿರಬೇಕು. ಪೆನಾಲ್ಟಿ ಕಾರ್ನರುಗಳಿಗೆ ಬೇರೆಯೇ ಕಂಬಸಾಲು. ಒಂದರ ಬೆನ್ನಿಗೆ ಒಂದರಂತೆ ನಾಲ್ಕು ಕಾರ್ನರ್ ಸಿಕ್ಕರೆ ಹೊಡೆತಗಳ ಸಂಖ್ಯೆ ಉಬ್ಬುತ್ತದೆ, ಆದರೆ ಅವೆಲ್ಲ ಹುಟ್ಟಿದ್ದು ಒಂದೇ ದಾಳಿಯಿಂದ.

ಇನ್ನೊಂದು ತೊಡಕು ಫುಟ್‌ಬಾಲಿನಲ್ಲಿ ಚೆನ್ನಾಗಿ ಕಾಣುತ್ತದೆ. 2022ರ ಡಿಸೆಂಬರ್ 1ರಂದು ದೋಹಾದ ವಿಶ್ವಕಪ್ ಪಂದ್ಯದಲ್ಲಿ ಜಪಾನಿನ ಬಳಿ ಚೆಂಡು ಇದ್ದದ್ದು ಶೇ. 18ರಷ್ಟು ಮಾತ್ರ, ಗೆದ್ದದ್ದು ಜಪಾನ್, 2–1ರಿಂದ. 48 ಮತ್ತು 51ನೆಯ ನಿಮಿಷದಲ್ಲಿ ಬಂದ ಗೋಲುಗಳಿಂದ ಮುಂದಾದ ಮೇಲೆ ಅದಕ್ಕೆ ಚೆಂಡಿನ ಅಗತ್ಯವೇ ಇರಲಿಲ್ಲ. ಹಿಂದೆ ಬಿದ್ದ ಸ್ಪೇನ್ ಹೇಗೂ ಚೆಂಡನ್ನು ಹೊತ್ತು ತಿರುಗಲೇಬೇಕಿತ್ತು. ಅಂದರೆ ಶೇಕಡಾ ಲೆಕ್ಕ ಎಷ್ಟೋ ಸಲ ಗೋಲಿನ ಕಾರಣವಲ್ಲ, ಅದರ ಪರಿಣಾಮ. ಹೊಡೆತಗಳ ಲೆಕ್ಕಕ್ಕೂ ಈ ದೋಷ ಅಷ್ಟಿಷ್ಟು ತಗಲುತ್ತದೆ. ಸೋಲುತ್ತಿರುವವರು ದೂರದಿಂದಲೂ ಹೊಡೆಯುತ್ತಾರೆ.

ಹಾಗಾಗಿ ಗೋಲು ಬಿದ್ದೊಡನೆ ನಾವು ಪುಟಕ್ಕೆ ಅಡ್ಡಗೆರೆ ಎಳೆದು ಎಣಿಕೆಯನ್ನು ಹೊಸದಾಗಿ ಆರಂಭಿಸುತ್ತೇವೆ. ಪಂದ್ಯ ಸಮಬಲದಲ್ಲಿದ್ದಾಗಿನ ಪ್ರವೇಶಗಳನ್ನೇ ಮೊದಲು ಹೋಲಿಸುತ್ತೇವೆ.