ಆಯಿತು ಮತ್ತು ಆಗುತ್ತಿದೆ

ಮೇಲ್ಮನವಿಗಳಲ್ಲಿ ನಾವು ಅತಿ ಹೆಚ್ಚು ಓದಿರುವ ವಾಕ್ಯ ಒಂದೇ: 'ಕೆಲವು ವರ್ಷಗಳಿಂದ ನನಗೆ ಅನ್ಯಾಯವಾಗುತ್ತಿದೆ.' ಬರೆದವರ ಸಂಕಟವೆಲ್ಲ ಆ ವಾಕ್ಯದಲ್ಲಿರುತ್ತದೆ, ದಿನಾಂಕವೊಂದನ್ನು ಬಿಟ್ಟು. ಮನವಿ ವಿಚಾರಣೆಗೆ ಅರ್ಹವೇ ಎಂಬುದನ್ನು ನಿರ್ಧರಿಸುವುದು ಮಾತ್ರ ಆ ದಿನಾಂಕವೇ. ಊರು ಬಿಟ್ಟು ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ದುಡಿಯುವ ಕನ್ನಡಿಗರು ನಮ್ಮ ನಡುವೆ ಬಹಳ ಮಂದಿ ಇರುವುದರಿಂದ ಸೇವಾ ವಿಷಯದ ಉದಾಹರಣೆಯನ್ನೇ ಎತ್ತಿಕೊಳ್ಳುತ್ತೇವೆ.

ನಮಗೆ ಪರಿಚಿತರಾದ ನೌಕರರೊಬ್ಬರಿಗೆ ಒಂದು ವಾರ್ಷಿಕ ಇನ್‌ಕ್ರಿಮೆಂಟನ್ನು ಎರಡು ವರ್ಷ ತಡೆಹಿಡಿಯುವ ದಂಡನೆಯಾಯಿತು. ಆದೇಶದ ತಲೆಯ ಮೇಲಿದ್ದ ದಿನಾಂಕ 2023ರ ಮಾರ್ಚ್ 2. ಅದು ಅವರ ಕೈ ಸೇರಿದ್ದು ಮಾರ್ಚ್ 15ರಂದು. 1965ರ ಸಿಸಿಎಸ್ (ಸಿಸಿಎ) ನಿಯಮಾವಳಿಯ 25ನೆಯ ನಿಯಮದಂತೆ ಮೇಲ್ಮನವಿಗೆ 45 ದಿನಗಳ ಅವಕಾಶವಿದೆ. ಎಣಿಕೆ ಶುರುವಾಗುವುದು ಆದೇಶದ ಪ್ರತಿ ನೌಕರನಿಗೆ ತಲುಪಿದ ದಿನದಿಂದ. ಹೀಗಾಗಿ ಅವರ ಗಡುವು ಏಪ್ರಿಲ್ 29. ಆದೇಶದ ದಿನಾಂಕವನ್ನೇ ಹಿಡಿದಿದ್ದರೆ ಏಪ್ರಿಲ್ 16ಕ್ಕೇ ಬಾಗಿಲು ಮುಚ್ಚಿತೆಂದು ತೋರುತ್ತಿತ್ತು. ಲಕೋಟೆಯನ್ನು ಎಸೆಯದೆ, ಸ್ವೀಕೃತಿಗೆ ಸಹಿ ಹಾಕುವಾಗ ಪಕ್ಕದಲ್ಲೇ ತಾರೀಖನ್ನೂ ಬರೆಯಬೇಕೆಂದು ನಾವು ಹೇಳುವುದು ಈ ಕಾರಣಕ್ಕೆ.

ಅವರು ಏಪ್ರಿಲ್ 12ರಂದೇ ಮೇಲ್ಮನವಿ ಸಲ್ಲಿಸಿದರು. ಅಲ್ಲಿಯವರೆಗೆ ಎಲ್ಲವೂ ಸರಿಯಿತ್ತು. ಅನಂತರ ಉತ್ತರ ಬರಲಿಲ್ಲ. ಅವರು ನೆನಪೋಲೆ ಬರೆದರು. 'ಪರಿಶೀಲನೆಯಲ್ಲಿದೆ' ಎಂಬ ಮರುಪತ್ರ ಬಂತು. ಮತ್ತೆ ನೆನಪೋಲೆ, ಮತ್ತೆ ಅದೇ ಪತ್ರ. ಆದರೆ 1985ರ ಆಡಳಿತ ನ್ಯಾಯಮಂಡಳಿಗಳ ಕಾಯಿದೆಯ ಗಡಿಯಾರ ಈ ಪತ್ರಗಳಿಗಾಗಿ ನಿಲ್ಲುವುದಿಲ್ಲ. ಮೇಲ್ಮನವಿಗೆ ಆರು ತಿಂಗಳಲ್ಲಿ ಅಂತಿಮ ಆದೇಶ ಬಾರದಿದ್ದರೆ, ಆ ಆರು ತಿಂಗಳು ಮುಗಿದಲ್ಲಿಂದ ಒಂದು ವರ್ಷದೊಳಗೆ ನ್ಯಾಯಮಂಡಳಿಗೆ ಹೋಗಬೇಕು. ಆರು ತಿಂಗಳು ಮುಗಿದದ್ದು 2023ರ ಅಕ್ಟೋಬರ್ 12ಕ್ಕೆ. ವರ್ಷ ತುಂಬಿದ್ದು 2024ರ ಅಕ್ಟೋಬರ್ 12ಕ್ಕೆ. ಅವರು ಕಡತ ಹಿಡಿದು ನಮ್ಮಲ್ಲಿಗೆ ಬಂದದ್ದು 2025ರ ಜನವರಿಯಲ್ಲಿ.

"ಪ್ರತಿ ತಿಂಗಳೂ ಸಂಬಳ ಕಡಿಮೆಯೇ ಬರ್ತಿದೆಯಲ್ಲ ಸಾರ್, ಅಂದಮೇಲೆ ಅನ್ಯಾಯ ಇನ್ನೂ ನಡೀತಾನೇ ಇದೆ ತಾನೇ?" ಎಂದರು.

ಪ್ರಶ್ನೆ ನ್ಯಾಯವಾದದ್ದೇ. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಕ್ರಿಯಾಪದದ ಕಾಲಭೇದಗಳನ್ನು ಪರೀಕ್ಷೆಗಾಗಿ ಓದಿದ ನಮಗೆ ಅವುಗಳ ಬೆಲೆ ತಿಳಿದದ್ದು ಕಚೇರಿಯಲ್ಲಿ. ಕಾನೂನೂ 'ಆಯಿತು' ಮತ್ತು 'ಆಗುತ್ತಿದೆ' ಎಂಬ ಭೇದವನ್ನು ಎಣಿಸುತ್ತದೆ. ದಂಡನೆಯ ಆದೇಶ ಒಂದು ದಿನ ಆಗಿ ಮುಗಿದ ಕ್ರಿಯೆ. ತಿಂಗಳು ತಿಂಗಳಿನ ಕಡಿತ ಅದರ ಫಲ ಮಾತ್ರ. ಗಾಯ ಒಂದು ದಿನದ್ದು, ನೋವು ಹಲವು ದಿನದ್ದು. ಎಣಿಕೆ ಗಾಯದ ದಿನದಿಂದಲೇ. ಆದರೆ ಯಾವ ದಂಡನೆಯೂ ಇಲ್ಲದೆ, ನಿಯಮಕ್ಕೆ ವಿರುದ್ಧವಾಗಿ ವೇತನವನ್ನು ತಪ್ಪಾಗಿ ನಿಗದಿಪಡಿಸಿದ್ದರೆ ಮಾತು ಬೇರೆ. ಸೇವೆಯಲ್ಲಿರುವವರೆಗೆ ಪ್ರತಿ ತಿಂಗಳ ತಪ್ಪು ವೇತನವೂ ಹೊಸ ಅನ್ಯಾಯವೆಂದು ಸರ್ವೋಚ್ಚ ನ್ಯಾಯಾಲಯ 1995ರ ಎಂ.ಆರ್. ಗುಪ್ತಾ ಪ್ರಕರಣದಲ್ಲಿ ಹೇಳಿದೆ. ಅಲ್ಲಿಯೂ ತಡಮಾಡಿದವರಿಗೆ ನಷ್ಟ ತಪ್ಪದು: 2008ರ ತರ್ಸೇಮ್ ಸಿಂಗ್ ತೀರ್ಪಿನಂತೆ, ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಗಳ ಬಾಕಿಯಷ್ಟೇ ದಕ್ಕುತ್ತದೆ. ಬಡ್ತಿ, ಜ್ಯೇಷ್ಠತೆಗಳಂತೆ ಇತರರ ಸ್ಥಾನವನ್ನೂ ಅಲುಗಿಸುವ ವಿಷಯವಾದರೆ ಈ ರಿಯಾಯಿತಿಯೂ ಇಲ್ಲ. ಹತ್ತು ವರ್ಷದಿಂದ ಒಂದು ಕುರ್ಚಿಯಲ್ಲಿ ಕುಳಿತವರನ್ನು ಎಬ್ಬಿಸಲು ನ್ಯಾಯಾಲಯ ಹಿಂಜರಿಯುತ್ತದೆ.

ಆದ್ದರಿಂದ ಮನವಿಯ ಮೊದಲ ಪರಿಚ್ಛೇದ ಹೀಗಿರಲಿ: '2.3.2023ರ ಆದೇಶದ ಪ್ರತಿ ನನಗೆ 15.3.2023ರಂದು ತಲುಪಿತು, ಸ್ವೀಕೃತಿಯ ಪ್ರತಿ ಲಗತ್ತಿಸಿದೆ. 12.4.2023ರಂದು, ಅಂದರೆ 28ನೆಯ ದಿನ, ಈ ಮೇಲ್ಮನವಿ ಸಲ್ಲಿಸುತ್ತಿದ್ದೇನೆ.' ವೇತನದ ತಪ್ಪಾದರೆ ಅದು ಯಾವ ದಿನದಿಂದ ಜಾರಿಗೆ ಬಂತು, ತಮಗೆ ಯಾವ ದಿನ, ಯಾವ ಕಾಗದದಿಂದ ತಿಳಿಯಿತು, ಇಂದಿಗೂ ಮುಂದುವರಿದಿದೆಯೇ ಎಂಬ ಮೂರನ್ನೂ ಬೇರೆ ಬೇರೆಯಾಗಿ ಬರೆಯಬೇಕು. ನ್ಯಾಯಮಂಡಳಿಯ ಅರ್ಜಿ ನಮೂನೆಯಲ್ಲಿ ಸಂಗತಿಗಳ ವಿವರಣೆಗೂ ಮುಂಚೆಯೇ ಕಾಲಮಿತಿಯ ಅಂಕಣವಿರುವುದು ಅಕಸ್ಮಾತ್ತಲ್ಲ.

ಆ ನೌಕರರು ವಿಳಂಬ ಮನ್ನಾ ಕೋರಿ ಅರ್ಜಿ ಹಾಕಿದರು. ಕಾಯಿದೆಯಲ್ಲಿ ಅದಕ್ಕೆ ಅವಕಾಶವಿದೆ. ಆದರೆ ಗಡುವಿನೊಳಗೆ ಏಕೆ ಬರಲಾಗಲಿಲ್ಲವೆಂಬುದಕ್ಕೆ ಸಾಕಷ್ಟು ಕಾರಣ ಕೊಡಬೇಕು. ಉತ್ತರಕ್ಕಾಗಿ ಕಾಯುತ್ತಿದ್ದೆ ಎಂಬುದು ಸಾಕಾಗಲಿಲ್ಲ. ಅರ್ಜಿ ಅಲ್ಲಿಗೇ ಮುಗಿಯಿತು. ದಂಡನೆ ಸರಿಯಿತ್ತೇ ತಪ್ಪಿತ್ತೇ ಎಂಬುದನ್ನು ಇಂದಿನವರೆಗೂ ಯಾರೂ ನೋಡಿಲ್ಲ.