ಅಕ್ಕನಿಗೆ ಬರೆದ ಪತ್ರ, ಜೊತೆಗೆ ಮೂರು ಅಂಕಿ

ಕಂಪನಿಯಲ್ಲಿ ಸಂಬಳ ಜಾಸ್ತಿ ಕೇಳೋದಕ್ಕೆ ಅಂತಲೇ ಒಂದು ಕಾಲ ಇರುತ್ತೆ. ಮಾರ್ಚ್ ಹತ್ತಿರ ಬಂದರೆ ಫಾರಂ ಬರುತ್ತೆ, ವರ್ಷವಿಡೀ ಏನು ಮಾಡಿದೆ ಅಂತ ತುಂಬಿ ಕಳಿಸಿದರಾಯಿತು. ಮಗಳು ಹುಟ್ಟಿದ ಮೇಲೆ ನಾನು ಸಾಫ್ಟ್‌ವೇರ್ ಕೆಲಸದಿಂದ ಸ್ವಲ್ಪ ಕಾಲ ದೂರ ಉಳಿದು, ಮನೆಯಿಂದಲೇ ಅಡುಗೆ ಚಾನೆಲ್ ಒಂದಕ್ಕೆ ವಿಡಿಯೊ ಎಡಿಟಿಂಗ್ ಮಾಡುತ್ತಿದ್ದೇನೆ. ಅಲ್ಲಿ ಫಾರಮ್ಮೂ ಇಲ್ಲ, ಮಾರ್ಚೂ ಇಲ್ಲ. ಚಾನೆಲ್ ನಡೆಸುವವರು ಶಿರಸಿ ಕಡೆಯವರು, ವಯಸ್ಸಿನಲ್ಲಿ ನನ್ನಮ್ಮನಿಗಿಂತ ಸ್ವಲ್ಪ ಚಿಕ್ಕವರು. ನಾನು ಅವರನ್ನು ಅಕ್ಕ ಅಂತಲೇ ಕರೆಯೋದು. ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿಕೊಡುವ ಅಕ್ಕನ ಹತ್ತಿರ ದುಡ್ಡಿನ ಮಾತು ಎತ್ತೋದು ಹೇಗೆ ಹೇಳಿ?

ವಿಡಿಯೊಗೆ 1,500 ರೂಪಾಯಿ, ವಾರಕ್ಕೆ ಎರಡು. ಹದಿನಾಲ್ಕು ತಿಂಗಳಿಂದ ಅದೇ ದರ. ಮೊದಲ ಆರು ತಿಂಗಳು ಅವರು ಹೇಳಿದ ಹಾಗೆ ಕತ್ತರಿಸಿ ಅಂಟಿಸುತ್ತಿದ್ದೆ, ವಿಡಿಯೊಗೆ ಐದು ತಾಸು ಸಾಕಾಗುತ್ತಿತ್ತು. ಆಮೇಲೆ ಅವರನ್ನು ಕೇಳಿಯೇ ಎಡಿಟಿಂಗ್ ರೀತಿ ಬದಲಾಯಿಸಿದೆ. ಈಗ ಒಂಬತ್ತು ತಾಸು ಬೇಕು. ಆದರೆ ತಾಸಿನ ಲೆಕ್ಕ ನನ್ನ ಕಷ್ಟ, ಅವರ ಲಾಭ ಅಲ್ಲ. ಮಗಳ ಸ್ಕೂಲ್ ಫೀಸೂ ಹಾಗೇ. ಹಾಗಾಗಿ ಅವೆರಡನ್ನೂ ಪತ್ರದಿಂದ ಹೊರಗಿಟ್ಟು, ನನ್ನ ಕೆಲಸದಿಂದ ಚಾನೆಲ್‌ಗೆ ಏನಾಯಿತು ಅನ್ನೋದನ್ನು ಮಾತ್ರ ಅಳೆಯೋಣ ಅಂತ ಕೂತೆ.

ಅಳೆಯಬೇಕಾದದ್ದು ರಿಟೆನ್ಷನ್, ಅಂದರೆ ನೋಡಲು ಬಂದವರು ಎಷ್ಟು ಹೊತ್ತು ನಿಂತರು ಅನ್ನುವ ಲೆಕ್ಕ. ಯಕ್ಷಗಾನದ ಆಟಕ್ಕೆ ರಾತ್ರಿ ನೂರು ಜನ ಬಂದು ಕೂತರೆ, ಭಾಗವತರ ಎರಡನೇ ಪದ್ಯಕ್ಕೆ ಎಷ್ಟು ಜನ, ನಡುರಾತ್ರಿಗೆ ಎಷ್ಟು ಜನ ಉಳಿದರು ಅಂತ ಎಣಿಸಿದ ಹಾಗೆ. ಯೂಟ್ಯೂಬ್ ಸ್ಟುಡಿಯೊದಲ್ಲಿ ಪ್ರತಿ ವಿಡಿಯೊಗೂ ಈ ಲೆಕ್ಕದ ಗೆರೆಯೊಂದು ಕಾಣುತ್ತೆ. ನೂರರ ಹತ್ತಿರ ಶುರುವಾಗಿ ಇಳಿಯುತ್ತಾ ಹೋಗುವ ಗೆರೆ. ಅಕ್ಕ ನನಗೆ ಆದಾಯ ಬಿಟ್ಟು ಉಳಿದದ್ದೆಲ್ಲ ಕಾಣುವ ಅನುಮತಿ ಕೊಟ್ಟಿದ್ದರು.

ಹಳೆಯ ವಿಡಿಯೊಗಳ ಗೆರೆ ಮೊದಲ ಅರ್ಧ ನಿಮಿಷದಲ್ಲೇ ಬಾವಿಗೆ ಬಿದ್ದ ಹಾಗೆ ಇಳಿಯುತ್ತಿತ್ತು. ಕಾರಣ ಹುಡುಕೋದು ಕಷ್ಟವಿರಲಿಲ್ಲ. ನಮಸ್ಕಾರ, ಮಳೆ ಹೇಗಿದೆ, ಕಳೆದ ವಾರ ಯಾರು ಕಾಮೆಂಟ್ ಹಾಕಿದರು, ಸಬ್‌ಸ್ಕ್ರೈಬ್ ಮಾಡಿ ಅಂತ ನಲವತ್ತು ಸೆಕೆಂಡ್ ಕಳೆದ ಮೇಲೆ ಒಲೆ ಕಾಣುತ್ತಿತ್ತು. ಇನ್ನೊಂದು ವಿಷಯ ನನಗೆ ಹೆಚ್ಚು ಕುತೂಹಲ ಹುಟ್ಟಿಸಿತು. ಒಂದೂವರೆ ನಿಮಿಷದ ಹತ್ತಿರ, ಸಾಮಾನಿನ ಪಟ್ಟಿ ಹೇಳುವ ಕಡೆ, ಇಳಿಯುತ್ತಿದ್ದ ಗೆರೆಯಲ್ಲಿ ಒಂದು ಗುಬ್ಬಿ ಎದ್ದಿರುತ್ತಿತ್ತು. ಬಿಟ್ಟು ಹೋದವರು ತಿರುಗಿ ಬಂದರು ಅಂತಲ್ಲ. ನೋಡುತ್ತಿದ್ದವರೇ ಐದನೇ ನಿಮಿಷದಲ್ಲಿ 'ಕೊತ್ತಂಬರಿ ಎಷ್ಟು ಚಮಚ ಅಂದ್ರು?' ಅಂತ ಹಿಂದಕ್ಕೆ ಎಳೆದು ನೋಡುತ್ತಿದ್ದರು. ಒಬ್ಬರೇ ಎರಡು ಸಲ ನೋಡಿದರೆ ಆ ಜಾಗದಲ್ಲಿ ಗೆರೆ ಏರುತ್ತೆ. ಅಲ್ಲಿ ಅಳತೆ ಸಿಗುತ್ತಿದೆ, ಆದರೆ ಬೇಕಾದ ಹೊತ್ತಿಗೆ ಸಿಗುತ್ತಿಲ್ಲ ಅಂತ ಅರ್ಥ.

ಹಾಗಾಗಿ ನಾನು ಮಾಡಿದ್ದು ಇಷ್ಟು. ಮೊದಲ ಏಳು ಸೆಕೆಂಡ್ ತಯಾರಾದ ಅಡುಗೆಯನ್ನೇ ತೋರಿಸಿದೆ. ಪಟ್ಟಿ ತೆಗೆದು, ಯಾವ ಸಾಮಾನು ಬಾಣಲೆಗೆ ಬೀಳುತ್ತದೋ ಆ ಕ್ಷಣಕ್ಕೇ ಅದರ ಅಳತೆ ಅಕ್ಷರದಲ್ಲಿ ಬರುವಂತೆ ಮಾಡಿದೆ. ಬೇಯುವವರೆಗೆ ಕಾಯುವ ಭಾಗ ಕತ್ತರಿಸಿದೆ. ಹನ್ನೊಂದು ನಿಮಿಷದ ವಿಡಿಯೊ ಎಂಟೂವರೆಗೆ ಬಂತು. ಅದಕ್ಕಿಂತ ಇಳಿಸಲಿಲ್ಲ, ಯಾಕೆಂದರೆ ಎಂಟು ನಿಮಿಷಕ್ಕಿಂತ ಕಡಿಮೆಯಾದರೆ ನಡುವೆ ಜಾಹೀರಾತು ಹಾಕಲು ಯೂಟ್ಯೂಬ್ ಬಿಡುವುದಿಲ್ಲ.

ಇನ್ನು ಹೋಲಿಕೆ. ಬದಲಾವಣೆಗೆ ಮುಂಚಿನ 12 ವಿಡಿಯೊ, ನಂತರದ 12. ಹಬ್ಬದ ಅಡುಗೆಗಳನ್ನು ಎರಡೂ ಕಡೆಯಿಂದ ಬಿಟ್ಟೆ. ಹಬ್ಬಕ್ಕೆ ಜನ ಹೇಗೂ ಬರುತ್ತಾರೆ, ಅದು ನನ್ನ ಕತ್ತರಿಯ ಮಹಿಮೆ ಅಲ್ಲ. ಎಲ್ಲಕ್ಕೂ ಬಿಡುಗಡೆಯಾದ ಮೊದಲ 7 ದಿನದ ಅಂಕಿಯನ್ನೇ ತೆಗೆದುಕೊಂಡೆ. ವಿಡಿಯೊ ಹಳೆಯದಾದಂತೆ ಹುಡುಕಿಕೊಂಡು ಬರುವವರು ಬೇರೆ, ನೋಡುವ ರೀತಿಯೂ ಬೇರೆ. ಸರಾಸರಿಯ ಬದಲು, ಹನ್ನೆರಡನ್ನೂ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನ ಎರಡರ ಮಧ್ಯದ ಅಂಕಿ ಹಿಡಿದೆ. ಇಲ್ಲದಿದ್ದರೆ ಎಲ್ಲೋ ಶೇರ್ ಆಗಿ ಓಡಿದ ಒಂದೇ ವಿಡಿಯೊ ಇಡೀ ಲೆಕ್ಕವನ್ನು ತನ್ನ ಕಡೆ ಎಳೆದುಬಿಡುತ್ತೆ.

ಸ್ಟುಡಿಯೊದಲ್ಲಿ Average percentage viewed ಅಂತ ಒಂದು ಅಂಕಿ ಇದೆ. ವಿಡಿಯೊದ ಶೇಕಡಾ ಎಷ್ಟು ಭಾಗ ನೋಡಿದರು ಅಂತ. ಅದು 33ರಿಂದ 49ಕ್ಕೆ ಏರಿತ್ತು. ಪತ್ರದಲ್ಲಿ ಹಾಕಿದರೆ ಎಂಥವರೂ ಹುಬ್ಬೇರಿಸಬೇಕು. ನಾನು ಹಾಕಲಿಲ್ಲ. ವಿಡಿಯೊ ಚಿಕ್ಕದಾದರೆ ಈ ಶೇಕಡಾ ತಾನಾಗಿಯೇ ಏರುತ್ತೆ. ಚಿಕ್ಕ ಲೋಟದಲ್ಲಿ ಕಾಫಿ ಕೊಟ್ಟು, ನೋಡಿ ಪೂರ್ತಿ ಕುಡಿದರು ಅಂದ ಹಾಗೆ. ಅಕ್ಕನ ಮಗ ಲೆಕ್ಕ ಬಲ್ಲವನು, ಅವನು ಒಂದು ಪ್ರಶ್ನೆ ಕೇಳಿದರೆ ಪತ್ರವೆಲ್ಲ ಕುಸಿಯುತ್ತಿತ್ತು. ಉದ್ದ ಎಷ್ಟೇ ಇರಲಿ ಹೋಲಿಸಬಹುದಾದದ್ದು ನಿಮಿಷದ ಲೆಕ್ಕ, Average view duration. ಅದು 3 ನಿಮಿಷ 35 ಸೆಕೆಂಡಿನಿಂದ 4 ನಿಮಿಷ 10 ಸೆಕೆಂಡಿಗೆ ಹೋಗಿತ್ತು. ಶೇಕಡಾ 16ರಷ್ಟು ಏರಿಕೆ. ಚಿಕ್ಕ ಅಂಕಿ, ಆದರೆ ಯಾರು ತಟ್ಟಿದರೂ ಅಲ್ಲಾಡದ್ದು.

ಒಂದು ಅನುಮಾನ ಉಳಿದಿತ್ತು. ಚಾನೆಲ್ಲೇ ಬೆಳೆಯುತ್ತಿತ್ತು, ಅಕ್ಕನ ಮಾತೂ ಪಳಗುತ್ತಿತ್ತು. ಏರಿಕೆ ಅದರಿಂದಲೇ ಇರಬಹುದಲ್ಲ? ಇದಕ್ಕೆ ಉತ್ತರ ಸಿಕ್ಕಿದ್ದು ನಾನು ಬಯಸದೆ ಬಂದ ದಾರಿಯಲ್ಲಿ. ಮಗಳಿಗೆ ಡೆಂಗಿ ಜ್ವರ ಬಂದು ಹತ್ತು ದಿನ ನಾನು ಲ್ಯಾಪ್‌ಟಾಪ್ ಮುಟ್ಟಿರಲಿಲ್ಲ. ಆಗ ಮೂರು ವಿಡಿಯೊಗಳನ್ನು ಅಕ್ಕನ ಮಗನೇ ಹಳೆಯ ರೀತಿಯಲ್ಲಿ ಮಾಡಿ ಹಾಕಿದ್ದ. ಅದೇ ಅಕ್ಕ, ಅದೇ ಅಡುಗೆಮನೆ, ಅದೇ ಕ್ಯಾಮೆರಾ. ಆ ಮೂರರಲ್ಲೂ ಅರ್ಧ ನಿಮಿಷದ ಅಂಕಿ ಹಳೆಯ ಜಾಗಕ್ಕೇ ಇಳಿದಿತ್ತು. ನಾನು ಬಂದ ಮೇಲೆ ಮತ್ತೆ ಏರಿತು. ಮೂರೇ ವಿಡಿಯೊ ಅನ್ನಿ, ಆದರೂ ಬಂದು ಹೋದಾಗ ಏರಿ ಇಳಿಯುವುದು ಬರೀ ಕಾಕತಾಳೀಯ ಅನ್ನೋದು ಕಷ್ಟ. ಮಗನ ಹೆಸರು ಎತ್ತದೆ ಇದನ್ನು ಬರೆಯೋದೇ ನನಗೆ ಪತ್ರದ ಅತಿ ಕಷ್ಟದ ಸಾಲಾಗಿತ್ತು.

ಕೊನೆಗೆ ಕಳಿಸಿದ ಪತ್ರ ಹೀಗಿತ್ತು:

"ಅಕ್ಕ, ನಮಸ್ಕಾರ. ದರದ ವಿಷಯ ಮಾತಾಡಬೇಕಿತ್ತು. ಫೋನಿನಲ್ಲಿ ಸಂಕೋಚ ಆಗುತ್ತೆ, ಅದಕ್ಕೇ ಬರೀತಿದ್ದೀನಿ. ಎಡಿಟಿಂಗ್ ರೀತಿ ಬದಲಿಸುವ ಮುಂಚಿನ 12 ವಿಡಿಯೊ, ನಂತರದ 12 ವಿಡಿಯೊ ಹೋಲಿಸಿದ್ದೀನಿ. ಮೊದಲು ನೂರು ಜನ ಬಂದರೆ ಅರ್ಧ ನಿಮಿಷಕ್ಕೆ 52 ಜನ ಇರುತ್ತಿದ್ದರು, ಈಗ 68. ಮೂರನೇ ನಿಮಿಷಕ್ಕೆ 40 ಇದ್ದದ್ದು ಈಗ 56. ನಡುವಿನ ಮೊದಲ ಜಾಹೀರಾತು ಮೂರು ನಿಮಿಷ ಕಳೆದ ಮೇಲೇ ಬರೋದು, ಅದನ್ನು ತಲುಪುವವರು ಇವರೇ. ಒಬ್ಬರು ನೋಡುವ ಹೊತ್ತು 35 ಸೆಕೆಂಡ್ ಹೆಚ್ಚಿದೆ. ಒಂದು ವಿಡಿಯೊಗೆ ಮೊದಲ ವಾರ 20,000 ವೀಕ್ಷಣೆ ಅಂತ ಹಿಡಿದರೆ, ಹೆಚ್ಚಾಗಿ ನೋಡಿದ್ದು ಸುಮಾರು 194 ತಾಸು. ನಾನು ರಜದಲ್ಲಿದ್ದಾಗ ಹಳೆಯ ರೀತಿಯಲ್ಲಿ ಬಂದ ಮೂರು ವಿಡಿಯೊಗಳಲ್ಲಿ ಅರ್ಧ ನಿಮಿಷದ ಅಂಕಿ 54, 51, 57. ವೀಕ್ಷಣೆ ಹೆಚ್ಚಿರೋದು ನನ್ನಿಂದ ಅಂತ ಹೇಳ್ತಿಲ್ಲ. ಅದು ನಿಮ್ಮ ಅಡುಗೆ, ನಿಮ್ಮ ಶೀರ್ಷಿಕೆ, ನೀವು ಆರಿಸೋ ಚಿತ್ರದಿಂದ. ಬಂದವರು ನಿಲ್ಲುತ್ತಿರೋದರಲ್ಲಿ ಮಾತ್ರ ನನ್ನ ಪಾಲು ಕೇಳ್ತಿದ್ದೀನಿ. ಮುಂದಿನ ತಿಂಗಳಿಂದ ವಿಡಿಯೊಗೆ 2,500 ಮಾಡಿಕೊಡಬಹುದಾ? ಒಂದು ಸುತ್ತು ತಿದ್ದುಪಡಿ ಇದರಲ್ಲೇ ಸೇರಿರುತ್ತೆ. ಅಂಕಿಗಳೆಲ್ಲ ನಿಮ್ಮ ಸ್ಟುಡಿಯೊದಲ್ಲೇ ಇವೆ, ಯಾವ ವಿಡಿಯೊಗಳು ಅಂತ ಪಟ್ಟಿ ಜೊತೆಗಿಟ್ಟಿದ್ದೀನಿ."

ಆ 194 ತಾಸನ್ನು ರೂಪಾಯಿಗೆ ತಿರುಗಿಸಲಿಲ್ಲ. ಆದಾಯ ನನಗೆ ಕಾಣುವುದಿಲ್ಲ, ಊಹಿಸಿ ಬರೆದರೆ ಅವರ ಜೇಬಿಗೆ ಕೈ ಹಾಕಿದ ಹಾಗಾಗುತ್ತೆ. ವೀಡಿಯೊ ಪುಟದ ಜಾಹೀರಾತಿನ ಆದಾಯದಲ್ಲಿ ಶೇಕಡಾ 55 ಚಾನೆಲ್‌ಗೆ ಅನ್ನೋದು ಎಲ್ಲರಿಗೂ ಗೊತ್ತಿರೋದೇ, ಉಳಿದ ಲೆಕ್ಕ ಅವರೇ ಹಾಕಿಕೊಳ್ಳಲಿ.

ಮೂರು ದಿನ ಉತ್ತರ ಇಲ್ಲ. ನೀಲಿ ಗೆರೆ ಮಾತ್ರ ಬಂದಿತ್ತು. ಈ ಮೂರು ದಿನದಲ್ಲಿ ನಾನು ಉಪ್ಪಿನಕಾಯಿ ಜಾಡಿಯನ್ನೇ ನೋಡದ ಹಾಗೆ ಓಡಾಡಿದೆ. ನಾಲ್ಕನೇ ದಿನ ಸಂಜೆ ಫೋನ್ ಬಂತು.

"ಅಲ್ಲ ತಂಗಿ, ಇದೆಲ್ಲ ನಂಗೆ ಅರ್ಧ ತಿಳೀಲಿಲ್ಲ. ಮಗ ಕೂತು ಎಲ್ಲಾ ತೆಗೆದು ನೋಡಿದ. ಸರಿ ಇದೆ ಅಂದ. ಆ ಮೂರು ವಿಡಿಯೊ ತಂದು ಅಂತ ಅವನೇ ಹೇಳಿ ನಕ್ಕ." ಆಮೇಲೆ ಸ್ವಲ್ಪ ಸುಮ್ಮನಿದ್ದು, "2,500 ಈಗ ಆಗಲ್ಲ, ಕ್ಯಾಮೆರಾ ಕಂತು ಇದೆ. 2,200 ಮಾಡ್ತೀನಿ, ಕಂತು ಮುಗೀಲಿ, ಉಳಿದದ್ದು ಆಮೇಲೆ. ಆದ್ರೆ ಒಂದು ಕೇಳ್ತೀನಿ. ನನ್ನ ನಮಸ್ಕಾರ ಯಾಕೆ ತೆಗ್ದೆ? ಮನೆಗೆ ಬಂದವರಿಗೆ ನೀರು ಕೊಡದೆ ಊಟಕ್ಕೆ ಕೂರಿಸ್ದಂಗೆ ಆಗ್ತದೆ."

ಇದಕ್ಕೆ ನನ್ನ ಹಾಳೆಯಲ್ಲಿ ಉತ್ತರ ಇರಲಿಲ್ಲ. ಹೊರಟು ಹೋದವರು ನಮಸ್ಕಾರಕ್ಕೆ ಹೋದರೋ, ಮಳೆಯ ಸುದ್ದಿಗೆ ಹೋದರೋ, ಸಬ್‌ಸ್ಕ್ರೈಬ್ ಮಾತಿಗೆ ಹೋದರೋ ಅಂತ ಗೆರೆ ಹೇಳುವುದಿಲ್ಲ. ನಾನು ಮೂರನ್ನೂ ಒಟ್ಟಿಗೇ ಕತ್ತರಿಸಿದ್ದೆ. ಹಾಗಾಗಿ ಒಂದು ಒಪ್ಪಂದಕ್ಕೆ ಬಂದೆವು. ಏಳು ಸೆಕೆಂಡ್ ಅಡುಗೆ, ಅದರ ಹಿಂದೆಯೇ ಐದು ಸೆಕೆಂಡ್ ಅಕ್ಕನ ನಮಸ್ಕಾರ, ಬೇರೇನೂ ಬದಲಿಸದೆ ಆರು ವಿಡಿಯೊ. ಅರ್ಧ ನಿಮಿಷದ ಅಂಕಿ 68ರ ಆಸುಪಾಸಿನಲ್ಲೇ ಉಳಿದರೆ ನಮಸ್ಕಾರ ಉಳಿಯುತ್ತೆ. ಇಳಿದರೆ ಮಾತಾಡೋಣ ಅಂದರು ಅಕ್ಕ, ತೆಗೆಯೋಣ ಅನ್ನಲಿಲ್ಲ.

ಈ ವಾರ ಒಂದೆಲಗದ ತಂಬುಳಿ ಮತ್ತು ಕೊಟ್ಟೆ ಕಡುಬು ಹೋಗಿವೆ. ಎರಡರ ಅಂಕಿಯೂ ಬಂದಿವೆ, 66 ಮತ್ತು 69. ಇನ್ನೂ ನಾಲ್ಕು ಬಾಕಿ ಇವೆ.