ರವಿಕೆಯ ಒಳಮಗ್ಗುಲು

ದುಬೈನ ಮೀನಾ ಬಜಾರಿನಲ್ಲಿ ಮಿನುಗುವುದನ್ನೆಲ್ಲ ‘ಜರಿ ಕೆಲಸ’ ಎಂದು ಹೇಳಿ ದರ ಏರಿಸುವುದುಂಟು. ಜರಿ ಹೊಲಿಗೆಯಲ್ಲ, ಲೋಹದ ಹೊಳಪಿನ ನೂಲು. ಅದರಿಂದಲೇ ಸರಪಳಿ ಹೊಲಿಗೆಯನ್ನೂ ಹಾಕಬಹುದು. ಹಾಗಾಗಿ ನಾನು ರವಿಕೆಯನ್ನು ಮಗುಚಿ ನೋಡುತ್ತೇನೆ. ಮೇಲೆ ಒಂದರೊಳಗೊಂದು ಸಿಕ್ಕಿದ ಕುಣಿಕೆಗಳು, ಒಳಗೆ ಬರೀ ನೇರ ಗೆರೆ ಕಂಡರೆ ಅದು ಸರಪಳಿ. ಫ್ರೆಂಚ್ ನಾಟ್ ಬಿಡಿ ಗಂಟು: ಸೂಜಿಗೆ ನೂಲನ್ನು ಒಂದೆರಡು ಸುತ್ತು ಸುತ್ತಿ, ಮೇಲೆದ್ದ ಜಾಗದ ಪಕ್ಕದಲ್ಲೇ ಕೆಳಗಿಳಿಸಿದ್ದು. ಬೆರಳಾಡಿಸಿದರೆ ಕಾಳಿನಂತೆ ತಾಗುತ್ತದೆ.

ನಮ್ಮ ಸಂಡೂರಿನ ಲಂಬಾಣಿ ಕಸೂತಿಯ ಕನ್ನಡಿಗೆ ತೂತಿಲ್ಲ, ಅಂಚಿನ ಸುತ್ತ ಹೆಣೆದ ನೂಲೇ ಅದನ್ನು ಹಿಡಿದಿರುತ್ತದೆ. ಒಳಗೆ ಆ ಹೊಲಿಗೆಯ ಸುತ್ತು ಕಾಣದಿದ್ದರೆ ಕನ್ನಡಿಯನ್ನು ಅಂಟಿಸಿದ್ದಾರೆ ಎಂದರ್ಥ, ಒಗೆದಾಗ ಉದುರೀತು. ಲೈನಿಂಗ್ ಹಾಕಿ ಮುಚ್ಚಿದ್ದರೆ ಮಾತ್ರ ಈ ಪರೀಕ್ಷೆ ನಡೆಯದು. ಆಗ ಲೈನಿಂಗ್ ಹೊಲಿಯುವ ಮೊದಲೇ ತೋರಿಸಿ ಎನ್ನುತ್ತೇನೆ.